ಎರಡೂ 7.62, ಒದೆತ ಮಾತ್ರ ಬೇರೆ ಬೇರೆ

ಪ್ರಶ್ನೆ: ಸರ್, ನಮ್ಮ ತಂದೆ ಸೇನೆಯಲ್ಲಿ ಎಸ್‌ಎಲ್‌ಆರ್ ರೈಫಲ್ ಹಿಡಿದವರು. ಅಣ್ಣ ಇನ್ಸಾಸ್ ಹಿಡಿದಿದ್ದ, ಈಗ ಅವನ ಯೂನಿಟ್‌ಗೆ ಎಕೆ-203 ಬರುತ್ತಿದೆಯಂತೆ. ಎಸ್‌ಎಲ್‌ಆರ್ 7.62, ಎಕೆಯೂ 7.62. ಹಾಗಿದ್ದರೆ ಎಕೆಯನ್ನು ಆಟೊದಲ್ಲಿ, ಅಂದರೆ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಒಂದೇ ಸಮನೆ ಹೊಡೆಯಬಹುದು, ಎಸ್‌ಎಲ್‌ಆರ್‌ಗೆ ಆಟೊ ಇರಲೇ ಇಲ್ಲ ಎಂದರೆ ಹೇಗೆ? ನಳಿಗೆ ಬಾಯಿಗೆ ಒದೆತ ತಗ್ಗಿಸುವ ಮಝಲ್ ಬ್ರೇಕ್ ಹಾಕಿದ್ದರೆ ಆಗುತ್ತಿರಲಿಲ್ಲವೇ? ಇನ್ಸಾಸ್ ಗುಂಡು ಬರೀ ಗಾಯ ಮಾಡುವುದಕ್ಕೆ ಎಂದು ತಂದೆ ಹೇಳುತ್ತಾರೆ, ನಿಜವೇ? ಕೆಲವು ಎಸ್‌ಎಲ್‌ಆರ್‌ಗಳು ಉಳಿದವಕ್ಕಿಂತ ಹೆಚ್ಚು ಒದೆಯುತ್ತಿದ್ದವು ಎಂದೂ ಹೇಳುತ್ತಾರೆ.

ಉತ್ತರ: 7.62 ಎನ್ನುವುದು ನಳಿಗೆಯ ಒಳಗಿನ ಅಗಲ ಮಾತ್ರ. ಅದರ ಹಿಂದೆ ಎಷ್ಟು ಮದ್ದು ಉರಿಯುತ್ತದೆ ಎನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಸೂಚಿಸುವುದು ಮುಂದಿನ ಸಂಖ್ಯೆ, ಅಂದರೆ ಮದ್ದು ತುಂಬುವ ಹಿತ್ತಾಳೆ ಅಥವಾ ಉಕ್ಕಿನ ಕೋಶದ ಉದ್ದ. ಕೋಶ, ಮದ್ದು, ಗುಂಡು ಎಲ್ಲ ಸೇರಿದ್ದೇ ತೋಟಾ. ಎಸ್‌ಎಲ್‌ಆರ್‌ನದು 7.62×51, ಎಕೆ-203ರದು 7.62×39, ಇನ್ಸಾಸ್‌ನದು 5.56×45. ಮೊದಲನೆಯದು ಪೂರ್ಣ ಶಕ್ತಿಯ ತೋಟಾ, ಉಳಿದೆರಡು ಮಧ್ಯಮ ಶಕ್ತಿಯವು. ಎರಡು 7.62ಗಳ ತೋಟಾಗಳನ್ನು ಅದಲು ಬದಲು ಮಾಡಲೂ ಆಗುವುದಿಲ್ಲ: ಕೋಶದ ಆಕಾರ ಬೇರೆ, ಗುಂಡಿನ ನಿಜವಾದ ವ್ಯಾಸವೂ ತುಸು ಬೇರೆ. ಎಸ್‌ಎಲ್‌ಆರ್‌ನ ನಾಟೊ ಗುಂಡು ಸುಮಾರು 7.82 ಮಿ.ಮೀ., ಎಕೆಯ ರಷ್ಯನ್ ಗುಂಡು ಸುಮಾರು 7.92 ಮಿ.ಮೀ.

ಮೂರನ್ನೂ ಅಂಗೈ ಮೇಲಿಟ್ಟರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. 7.62×51ರ ಒಂದು ತೋಟಾ 24-25 ಗ್ರಾಂ ತೂಗುತ್ತದೆ; ಅದರಲ್ಲಿ ಗುಂಡು ಸುಮಾರು 9.5 ಗ್ರಾಂ, ಮದ್ದು 3 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 840 ಮೀಟರ್. 7.62×39ರ ತೋಟಾ 16 ಗ್ರಾಂ ಚಿಲ್ಲರೆ, ಗುಂಡು 7.9 ಗ್ರಾಂ, ಮದ್ದು 1.6 ಗ್ರಾಂ, ವೇಗ 715 ಮೀಟರ್. 5.56ರದು 12 ಗ್ರಾಂ. ಗುಂಡು 4 ಗ್ರಾಂ, ಮದ್ದು 1.7 ಗ್ರಾಂ, ವೇಗ 920 ಮೀಟರ್ ಆಸುಪಾಸು. ಎರಡು 7.62ಗಳ ನಡುವೆ ಗುಂಡಿನ ತೂಕದಲ್ಲಿ ಅಂಥ ದೊಡ್ಡ ಅಂತರವಿಲ್ಲ. ಅಂತರ ಇರುವುದು ಮದ್ದಿನಲ್ಲಿ, ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಒದೆತದ ಲೆಕ್ಕವನ್ನು ನೀವೇ ಹಾಕಬಹುದು, ಪಿಯುಸಿಯ ಭೌತಶಾಸ್ತ್ರ ಸಾಕು. ನಳಿಗೆಯಿಂದ ಮುಂದಕ್ಕೆ ಹೋಗುವುದರ ಸಂವೇಗ ಎಷ್ಟೋ ಅಷ್ಟೇ ಸಂವೇಗ ರೈಫಲ್‌ಗೆ ಹಿಂದಕ್ಕೆ ಸಿಗುತ್ತದೆ. ಮುಂದಕ್ಕೆ ಹೋಗುವುದು ಗುಂಡು ಮಾತ್ರವಲ್ಲ, ಉರಿದ ಮದ್ದಿನ ಗ್ಯಾಸ್ ಕೂಡ. ಗ್ಯಾಸ್ ಗುಂಡಿಗಿಂತ ವೇಗವಾಗಿ ನುಗ್ಗುತ್ತದೆ. ರೈಫಲ್‌ಗಳ ಮಟ್ಟಿಗೆ ಸೆಕೆಂಡಿಗೆ 1,200 ಮೀಟರ್ ಎಂದು ಹಿಡಿಯುವುದು ರೂಢಿಯಲ್ಲಿರುವ ಅಂದಾಜು.

ಎಸ್‌ಎಲ್‌ಆರ್‌ನದನ್ನೇ ತೆಗೆದುಕೊಳ್ಳಿ. ಗುಂಡಿನ ಪಾಲು 0.0095 ಕಿಲೋವನ್ನು 840ರಿಂದ ಗುಣಿಸಿದರೆ 8. ಗ್ಯಾಸಿನ ಪಾಲು 0.003ನ್ನು 1,200ರಿಂದ ಗುಣಿಸಿದರೆ 3.6. ಒಟ್ಟು 11.6. ಘಟಕ ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡಿಗೆ. ಹೋಲಿಕೆಯಷ್ಟೇ ನಮಗೆ ಬೇಕಾದದ್ದು, ಆದ್ದರಿಂದ ಮುಂದೆ ಬರೀ ಸಂಖ್ಯೆ ಹೇಳುತ್ತೇನೆ. ಇದೇ ಲೆಕ್ಕದಲ್ಲಿ ಎಕೆ-203ಕ್ಕೆ ಗುಂಡಿನಿಂದ 5.65, ಗ್ಯಾಸಿನಿಂದ 1.9, ಒಟ್ಟು 7.6 ಬರುತ್ತದೆ. ಇನ್ಸಾಸ್‌ಗೆ 3.7 ಮತ್ತು 2 ಸೇರಿ 5.7. ಅಂದರೆ ಎಸ್‌ಎಲ್‌ಆರ್‌ನ ಒಂದು ಗುಂಡು ಹೆಗಲಿಗೆ ಕೊಡುವ ತಳ್ಳು ಇನ್ಸಾಸ್‌ನ ಎರಡು ಗುಂಡುಗಳದ್ದಕ್ಕೆ ಸಮ.

ಹೆಗಲಿಗೆ ಅದು ಎಷ್ಟು ಚುರುಕಾಗಿ ತಾಗುತ್ತದೆ ಎನ್ನುವುದು ರೈಫಲ್‌ನ ತೂಕದ ಮೇಲೆ ನಿಂತಿದೆ. ತುಂಬಿದ ಮ್ಯಾಗಜಿನ್ ಸಹಿತ ಎಸ್‌ಎಲ್‌ಆರ್ ಸುಮಾರು 5 ಕಿಲೋ. 11.6ನ್ನು 5ರಿಂದ ಭಾಗಿಸಿದರೆ ರೈಫಲ್ ಹಿಂದಕ್ಕೆ ಸೆಕೆಂಡಿಗೆ 2.3 ಮೀಟರ್ ವೇಗದಲ್ಲಿ ಬರುತ್ತದೆ, ಆಗ ಅದರ ಚಲನ ಶಕ್ತಿ 13 ಜೂಲ್‌ಗಿಂತ ತುಸು ಹೆಚ್ಚು. ಎಕೆ-203 ತುಂಬಿದ ಮ್ಯಾಗಜಿನ್ ಸಹಿತ ನಾಲ್ಕೂವರೆ ಕಿಲೋ ಎಂದು ಹಿಡಿದರೆ 6 ಜೂಲ್ ಚಿಲ್ಲರೆ. ಇನ್ಸಾಸ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಕ, ಅದರದು 4 ಜೂಲ್‌ಗೂ ಕಡಿಮೆ. ಇನ್ಸಾಸ್ ತನ್ನ ತೋಟಾಕ್ಕೆ ಹೋಲಿಸಿದರೆ ಭಾರವಾದ ರೈಫಲ್. ಖಾಲಿಯಾಗಿದ್ದಾಗಲೇ ನಾಲ್ಕು ಕಿಲೋ ದಾಟುತ್ತದೆ. ಹೊರುವವನಿಗೆ ಅದು ದೂರು, ಹೊಡೆಯುವವನಿಗೆ ಅನುಕೂಲ. ಸೇನೆ 2019ರಲ್ಲಿ 72,400ರಷ್ಟು ತರಿಸಿಕೊಂಡ ಸಿಗ್ 716 ಮತ್ತೆ 7.62×51ರ ರೈಫಲ್. ಅದರ ನಳಿಗೆ 16 ಇಂಚು, ಎಸ್‌ಎಲ್‌ಆರ್‌ನದ್ದಕ್ಕಿಂತ ಗಿಡ್ಡ, ಹಾಗಾಗಿ ಗುಂಡಿನ ವೇಗ ತುಸು ಕಡಿಮೆ. ಆದರೆ ರೈಫಲ್ ಕೂಡ ಹಗುರ. ಎರಡೂ ಸೇರಿ ಒದೆತ ಎಸ್‌ಎಲ್‌ಆರ್‌ನ ಆಸುಪಾಸಿಗೇ ಬಂದು ನಿಲ್ಲುತ್ತದೆ, ನಳಿಗೆ ಬಾಯಿಯ ಸದ್ದು ಮತ್ತು ಬೆಂಕಿ ಮಾತ್ರ ಹೆಚ್ಚು.

ಇಲ್ಲಿಯವರೆಗಿನದು ಒಂದೊಂದೇ ಗುಂಡಿನ ಮಾತು. 13 ಜೂಲ್ ಎಂಬುದು ತರಬೇತಿ ಪಡೆದ ಸೈನಿಕನಿಗೆ ಹೆದರುವಂಥದ್ದಲ್ಲ. ಎಸ್‌ಎಲ್‌ಆರ್‌ಗಿಂತ ಹಿಂದಿನ .303 ಲೀ-ಎನ್‌ಫೀಲ್ಡ್‌ಗೂ ಸಂವೇಗದ ಲೆಕ್ಕ 11ರ ಮೇಲೆಯೇ ಬರುತ್ತದೆ. ಗುಂಡು ಅದರಲ್ಲಿ ಹೆಚ್ಚು ಭಾರ, ವೇಗ ಕಡಿಮೆ, ಅಷ್ಟೇ. 1962ರ ಯುದ್ಧದ ನಂತರ ಇಶಾಪುರದಲ್ಲಿ ಎಸ್‌ಎಲ್‌ಆರ್ ತಯಾರಾದಾಗ ಬದಲಾದದ್ದು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಕೆಲಸ ತಪ್ಪಿದ್ದು. ಹೆಗಲಿನ ಮೇಲಿನ ಹೊರೆ ಬದಲಾಗಲಿಲ್ಲ.

ಆಟೊಗೆ ಬಂದಾಗ ಲೆಕ್ಕದ ರೀತಿಯೇ ಬೇರೆಯಾಗುತ್ತದೆ, ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ನಿಮಿಷಕ್ಕೆ 650 ಗುಂಡಿನ ಗತಿ ಎಂದರೆ ಸೆಕೆಂಡಿಗೆ 11ಕ್ಕೆ ಸ್ವಲ್ಪ ಕಡಿಮೆ. ಒಂದು ಗುಂಡಿನ ತಳ್ಳನ್ನು ಅದರಿಂದ ಗುಣಿಸಿದರೆ ಹೆಗಲ ಮೇಲೆ ಬೀಳುವ ಸರಾಸರಿ ಬಲ ಸಿಗುತ್ತದೆ. 7.62×51ಕ್ಕೆ ಅದು ಸುಮಾರು 126 ನ್ಯೂಟನ್. ಒಂದೇ ಒತ್ತಿಗೆ ಸಾಲಾಗಿ ಗುಂಡು ಹಾರುವ ಬರ್ಸ್ಟ್ ನಡೆಯುವಷ್ಟು ಹೊತ್ತೂ ಹದಿಮೂರು ಕಿಲೋ ಅಕ್ಕಿಚೀಲವನ್ನು ಹಗ್ಗಕ್ಕೆ ಕಟ್ಟಿ ರಾಟೆಯ ಮೇಲೆ ಹಾಯಿಸಿ ನಿಮ್ಮ ಹೆಗಲನ್ನು ಹಿಂದಕ್ಕೆ ಎಳೆದಂತೆ. 7.62×39ಕ್ಕೆ 82 ನ್ಯೂಟನ್, ಅಂದರೆ ಎಂಟು ಕಿಲೋ ಚಿಲ್ಲರೆ. 5.56ಕ್ಕೆ 62 ನ್ಯೂಟನ್, ಆರು ಕಿಲೋ ಚಿಲ್ಲರೆ.

ಈ ಲೆಕ್ಕದಲ್ಲಿ ರೈಫಲ್‌ನ ತೂಕ ಎಲ್ಲೂ ಬರಲಿಲ್ಲ ಎನ್ನುವುದನ್ನು ಗಮನಿಸಿ. ಭಾರವಾದ ರೈಫಲ್ ಪ್ರತಿ ಏಟನ್ನು ಮೆದುಗೊಳಿಸುತ್ತದೆ, ಏಟುಗಳ ಸರಾಸರಿಯನ್ನು ಕಡಿಮೆ ಮಾಡುವುದಿಲ್ಲ. ಒಳಗೆ ಯಾವ ಸ್ಪ್ರಿಂಗ್, ಯಾವ ಬಫರ್ ಇದ್ದರೂ ಇದೇ ಮಾತು. ಅವು ತಳ್ಳನ್ನು ಹೊತ್ತಿನಲ್ಲಿ ಹರಡಬಲ್ಲವು, ಇಲ್ಲವಾಗಿಸಲಾರವು. ಗತಿ ಇಳಿಸಿದರೆ ಸರಾಸರಿ ಬಲ ಖಂಡಿತ ಇಳಿಯುತ್ತದೆ, ಆದರೆ ಆಗ ಗುಂಡು ಗುಂಡಿನ ನಡುವೆ ನಳಿಗೆ ಅಲೆಯಲು ಹೆಚ್ಚು ಹೊತ್ತು ಸಿಗುತ್ತದೆ.

ನಿಂತು ಹೊಡೆಯುವವನ ದೇಹಕ್ಕೆ ಇದರಿಂದ ಏನಾಗುತ್ತದೆ? ಎಪ್ಪತ್ತು ಕಿಲೋ ತೂಕದವನ ಹೆಗಲು ನೆಲದಿಂದ 1.4 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಹಿಂದಕ್ಕೆ ಬೀಳದೆ ನಿಲ್ಲಬೇಕಾದರೆ ಅವನು ತನ್ನ ಮೈಭಾರವನ್ನು ಮುಂದಕ್ಕೆ ಸರಿಸಬೇಕು. 126 ನ್ಯೂಟನ್‌ಗೆ ಎದುರಾಗಿ ಸುಮಾರು 25 ಸೆಂ.ಮೀ., 82ಕ್ಕೆ 17, 62ಕ್ಕೆ 13 ಸೆಂ.ಮೀ. ಎಡಗಾಲು ಮುಂದಿಟ್ಟು ಬಾಗಿ ನಿಂತರೆ 13-17 ಸೆಂ.ಮೀ. ಕಷ್ಟವಿಲ್ಲ. 25 ಸೆಂ.ಮೀ. ಎಂದರೆ ಒಂದು ಪಾದದಷ್ಟು ಉದ್ದ. ಅಷ್ಟು ಬಾಗಿದವನು ಟ್ರಿಗರ್ ಬಿಟ್ಟ ಕ್ಷಣ ಮುಂದಕ್ಕೆ ಮುಗ್ಗರಿಸುತ್ತಾನೆ; ಬಾಗದಿದ್ದವನು ಮೂರನೆಯ ಗುಂಡಿಗೆ ಹಿಮ್ಮಡಿಯ ಮೇಲೆ ಬಂದಿರುತ್ತಾನೆ. ಮಲಗಿ, ಬೈಪಾಡ್ ಎಂಬ ಎರಡು ಕಾಲಿನ ಆಸರೆ ಊರಿ ಹೊಡೆದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಅದಕ್ಕೇ 7.62×51 ಇವತ್ತಿಗೂ ಮೆಷಿನ್ ಗನ್‌ಗಳಲ್ಲಿ ನೆಮ್ಮದಿಯಾಗಿ ಇದೆ.

ಹಿಂದಕ್ಕೆ ತಳ್ಳುವುದರ ಜೊತೆಗೆ ನಳಿಗೆ ಮೇಲಕ್ಕೂ ಏಳುತ್ತದೆ. ನಳಿಗೆಯ ನಡುಗೆರೆ, ರೈಫಲ್‌ನ ಹಿಂತುದಿಯಾದ ಬಟ್ಟು ಹೆಗಲಿಗೆ ಊರುವ ಜಾಗಕ್ಕಿಂತ ಕೆಲವು ಸೆಂ.ಮೀ. ಮೇಲಿರುತ್ತದೆ, ಹಾಗಾಗಿ ಪ್ರತಿ ತಳ್ಳೂ ರೈಫಲನ್ನು ತಿರುಚುತ್ತದೆ. ಬಟ್ಟನ್ನು ನಳಿಗೆಯ ನೇರಕ್ಕೆ ತಂದಷ್ಟೂ ಈ ಏರಿಕೆ ಕಡಿಮೆ. ಹಳೆಯ ಎಕೆ-47ರ ಕೆಳಕ್ಕೆ ಇಳಿದ ಮರದ ಬಟ್ಟಿಗೂ ಎಕೆ-203ರ ಉದ್ದ ಹೊಂದಿಸಬಹುದಾದ ನೇರ ಬಟ್ಟಿಗೂ ಇರುವ ವ್ಯತ್ಯಾಸ ಅಂದಕ್ಕಾಗಿ ಬಂದದ್ದಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ. 650ರ ಗತಿಯಲ್ಲಿ ಮೊದಲ ಗುಂಡಿನಿಂದ ಮೂರನೆಯದಕ್ಕೆ ಹಿಡಿಯುವ ಹೊತ್ತು 0.18 ಸೆಕೆಂಡ್ ಆಸುಪಾಸು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಬೇಕಾಗುವುದು ಸುಮಾರು 0.2 ಸೆಕೆಂಡ್. ಎಂದರೆ ಇನ್ಸಾಸ್‌ನ ಮೂರು ಗುಂಡಿನ ಬರ್ಸ್ಟ್ ಒಳಗೆ ಯಾರೂ ಗುರಿ ತಿದ್ದಿಕೊಳ್ಳಲಾರರು. ಟ್ರಿಗರ್ ಒತ್ತುವ ಮೊದಲು ನಿಂತ ಭಂಗಿ ಏನು ತೀರ್ಮಾನಿಸಿದೆಯೋ ಅದೇ ಆಗುತ್ತದೆ. ತಳ್ಳು ಕಡಿಮೆಯಿದ್ದರೆ ಮೂರು ಗುಂಡೂ ಗುರಿಯ ಸುತ್ತಮುತ್ತ ಇರುತ್ತವೆ; ಹೆಚ್ಚಿದ್ದರೆ ಎರಡನೆಯದು ತಲೆಯ ಮೇಲೆ, ಮೂರನೆಯದು ಆಕಾಶಕ್ಕೆ.

ಇದನ್ನು ಕಂಡುಕೊಳ್ಳಲು ಅಮೆರಿಕ ದುಬಾರಿ ಬೆಲೆ ತೆತ್ತಿತು. ಜರ್ಮನರು ಎರಡನೆಯ ಮಹಾಯುದ್ಧದಲ್ಲೇ 7.92×33ರ ಗಿಡ್ಡ ತೋಟಾವನ್ನು ರಣರಂಗಕ್ಕೆ ತಂದಿದ್ದರು, ಸೋವಿಯತ್ ಎಂಜಿನಿಯರುಗಳು 1943ರಲ್ಲಿ ಎಕೆಯ ತೋಟಾಕ್ಕೆ ಮೂಲವಾದದ್ದನ್ನು ರೂಪಿಸಿದ್ದರು. ಬ್ರಿಟಿಷರು ಯುದ್ಧದ ನಂತರ .280 ಎಂಬ ಮಧ್ಯಮ ತೋಟಾ ಮತ್ತು ಅದಕ್ಕೆ ಇಎಂ-2 ರೈಫಲ್ ಸಿದ್ಧಪಡಿಸಿದರು. ಅಮೆರಿಕದ ಸೇನೆ ಒಪ್ಪಲಿಲ್ಲ, ಪೂರ್ಣ ಶಕ್ತಿಯೇ ಬೇಕೆಂದು ಹಟ ಹಿಡಿಯಿತು, ನಾಟೊಗೆ 7.62×51 ಬಂದದ್ದು ಹಾಗೆ. ಅದೇ ಹೊತ್ತಿಗೆ, 1952ರಲ್ಲಿ, ಅಮೆರಿಕದ ಸೇನೆಗಾಗಿ ಅಧ್ಯಯನ ಮಾಡುತ್ತಿದ್ದ ನಾರ್ಮನ್ ಹಿಚ್‌ಮನ್ ಎಂಬವರ ವರದಿ, ಕಾಲಾಳು ರೈಫಲ್ ನಿಜವಾಗಿ ಫಲ ಕೊಡುವುದು 300 ಗಜಗಳ ಒಳಗೇ ಎಂದು ಹೇಳಿತ್ತು. ಕೇಳಿದವರು ಕಡಿಮೆ. 1957ರಲ್ಲಿ ಒಪ್ಪಿಗೆಯಾದ ಎಂ-14ರಲ್ಲಿ ಆಟೊ ಸೌಲಭ್ಯ ಇಟ್ಟರು. ಸೈನಿಕರ ಕೈಗೆ ಹೋದಾಗ ಹೆಚ್ಚಿನವುಗಳಲ್ಲಿ ಆ ಗುಂಡಿಯನ್ನು ಕೆಲಸ ಮಾಡದಂತೆ ಬೀಗ ಹಾಕಿಯೇ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತು 5.56ರ ಎಂ-16 ಬಂತು.

ಬ್ರಿಟಿಷರು ಮೊದಲೇ ಜಾಣತನ ತೋರಿದ್ದರು. ಎಸ್‌ಎಲ್‌ಆರ್‌ಗೆ ಮೂಲವಾದ ಬೆಲ್ಜಿಯಂನ ಎಫ್‌ಎಎಲ್ ರೈಫಲ್‌ನಲ್ಲಿ ಆಟೊ ಇತ್ತು. ಅವರು ತಮ್ಮ ಎಲ್1ಎ1ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ಎಸ್‌ಎಲ್‌ಆರ್ ಆದ 1ಎ1 ಕೂಡ ಹಾಗೆಯೇ, ಒಂದು ಒತ್ತಿಗೆ ಒಂದೇ ಗುಂಡು. ಆಟೊ ಇದ್ದ 1ಸಿ ಎಂಬ ರೂಪವನ್ನು ಮಾಡಿದ್ದು ಸೈನಿಕರನ್ನು ಹೊರುವ ಬಿಎಂಪಿ ಎಂಬ ಕವಚ ವಾಹನದ ಕಿಂಡಿಯಿಂದ ಹೊಡೆಯುವುದಕ್ಕೆ, ಅಲ್ಲಿ ತಳ್ಳನ್ನು ತಡೆಯುವುದರಲ್ಲಿ ಕಿಂಡಿಯ ಆಸರೆಯೂ ಇರುತ್ತದೆ. ಆದ್ದರಿಂದ ಆಟೊ ಇಲ್ಲದ್ದು ಎಸ್‌ಎಲ್‌ಆರ್‌ನ ಕೊರತೆಯಲ್ಲ, ತೋಟಾದ ಸ್ವಭಾವವನ್ನು ಒಪ್ಪಿಕೊಂಡ ತೀರ್ಮಾನ.

ಇನ್ನು ನಿಮ್ಮ ಮಝಲ್ ಬ್ರೇಕ್. ನಳಿಗೆ ಬಾಯಿಗೆ ಹಾಕಿದ ಬ್ರೇಕ್ ಗುಂಡನ್ನು ಮುಟ್ಟಲಾರದು. ಗುಂಡಿನ ಪಾಲಿನ ತಳ್ಳು ಇದ್ದ ಹಾಗೇ ಇರುತ್ತದೆ. ಅದು ಹಿಡಿಯಬಲ್ಲದ್ದು ಗ್ಯಾಸನ್ನು ಮಾತ್ರ, ಅದನ್ನು ಪಕ್ಕಕ್ಕೋ ಹಿಂದಕ್ಕೋ ಮೇಲಕ್ಕೋ ತಿರುಗಿಸುತ್ತದೆ. ಮೇಲಿನ ಲೆಕ್ಕಕ್ಕೆ ಮರಳಿ ನೋಡಿ. 7.62×51ರ 11.6ರಲ್ಲಿ ಗ್ಯಾಸಿನ ಪಾಲು 3.6. ಅಷ್ಟನ್ನೂ ಪಕ್ಕಕ್ಕೆ ಹೊರಳಿಸಿ ಪೂರ್ತಿ ಅಳಿಸಿದಿರಿ ಎಂದುಕೊಳ್ಳೋಣ, ಉಳಿಯುವುದು 8. ಬ್ರೇಕ್ ಇಲ್ಲದ 7.62×39ರ ಇಡೀ ತಳ್ಳು 7.6. ಅಂದರೆ ಎಲ್ಲ ಕಸರತ್ತಿನ ನಂತರ ಪೂರ್ಣ ಶಕ್ತಿಯ ರೈಫಲ್ ಬರಿಯ ಎಕೆಯ ಮಟ್ಟಕ್ಕೆ ಬಂದು ಮುಟ್ಟುತ್ತದೆ. ಗ್ಯಾಸನ್ನು ಹಿಂದಕ್ಕೆ ತಿರುಗಿಸುವ ಬ್ರೇಕ್‌ಗಳು ಇನ್ನೂ ಸ್ವಲ್ಪ ಕಳೆಯಬಲ್ಲವು. ಆದರೆ ಆ ಗ್ಯಾಸ್ ಹೋಗಬೇಕಾದದ್ದು ಪಕ್ಕದಲ್ಲಿ ಮಲಗಿದ ಜೊತೆಗಾರನ ಮುಖಕ್ಕೆ, ಸದ್ದು ಹೋಗಬೇಕಾದದ್ದು ಅವನ ಕಿವಿಗೆ. ನೆಲ ಒಣಗಿದ್ದರೆ ಎದ್ದ ಧೂಳು ನಿಮ್ಮ ಜಾಗವನ್ನು ಬಯಲು ಮಾಡುತ್ತದೆ. ಗುರಿ ಸ್ಪರ್ಧೆಗೆ ಇದು ಸರಿ, ಸೆಕ್ಷನ್ ಎಂಬ ಸಣ್ಣ ತುಕಡಿಯ ಜೊತೆ ಹೋರಾಡುವಾಗ ಅಲ್ಲ.

ಹೊರುವ ತೂಕಕ್ಕೆ ಬರೋಣ. ಒಬ್ಬ ಜವಾನ ತೋಟಾಕ್ಕೆಂದು 6 ಕಿಲೋ ಹೊರುತ್ತಾನೆ ಎಂದು ಇಟ್ಟುಕೊಳ್ಳಿ, ಮ್ಯಾಗಜಿನ್ ತೂಕವೂ ಅದರಲ್ಲೇ. ಎಸ್‌ಎಲ್‌ಆರ್‌ನ ಇಪ್ಪತ್ತು ಗುಂಡಿನ ಉಕ್ಕಿನ ಮ್ಯಾಗಜಿನ್ ತುಂಬಿದಾಗ ಮುಕ್ಕಾಲು ಕಿಲೋಗೆ ಹತ್ತಿರ; ಅಂಥ ಎಂಟು ಮ್ಯಾಗಜಿನ್, 160 ಗುಂಡು. ಎಕೆಯ ಮೂವತ್ತು ಗುಂಡಿನ ಪ್ಲಾಸ್ಟಿಕ್ ಮ್ಯಾಗಜಿನ್ ಕೂಡ ತುಂಬಿದರೆ ಹೆಚ್ಚುಕಡಿಮೆ ಅಷ್ಟೇ ತೂಕ. ಎಂಟಕ್ಕೆ 240 ಗುಂಡು. 5.56ರ ಮೂವತ್ತು ಗುಂಡಿನ ಅಲ್ಯೂಮಿನಿಯಂ ಮ್ಯಾಗಜಿನ್ ಅರ್ಧ ಕಿಲೋ ಆಸುಪಾಸು. ಹನ್ನೆರಡು ಮ್ಯಾಗಜಿನ್, 360 ಗುಂಡು. ಹಳೆಯ ಎಸ್‌ಎಲ್‌ಆರ್‌ನವನಿಗಿಂತ ಎರಡು ಪಟ್ಟಿಗೂ ಹೆಚ್ಚು. ಇನ್ಸಾಸ್‌ಗೆ ಕೊಟ್ಟದ್ದು ಇಪ್ಪತ್ತರ ಪ್ಲಾಸ್ಟಿಕ್ ಮ್ಯಾಗಜಿನ್ ಆದ್ದರಿಂದ ಈ ಅನುಕೂಲದಲ್ಲಿ ಒಂದಿಷ್ಟನ್ನು ನಾವೇ ಬಿಟ್ಟುಕೊಟ್ಟೆವು. ತೋಟಾ ಅಷ್ಟೇ ಇದ್ದರೂ ಮ್ಯಾಗಜಿನ್ ಬದಲಿಸುವುದು ಹೆಚ್ಚು ಸಲ. ಸಾಲದ್ದಕ್ಕೆ ಆ ಮ್ಯಾಗಜಿನ್‌ಗಳು ಚಳಿಯಲ್ಲಿ ಬಿರುಕು ಬಿಡುತ್ತವೆ ಎಂಬ ದೂರು ಕಾರ್ಗಿಲ್ ಕಾಲದಲ್ಲಿ ಎದ್ದಿತ್ತು. ಅದು ಮ್ಯಾಗಜಿನ್‌ನ ದೋಷ, ಅದನ್ನು 5.56ರ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಇನ್ಸಾಸ್ ಬಗೆಗಿನ ಮಾತುಗಳಲ್ಲಿ ರೈಫಲ್‌ನ ತಪ್ಪನ್ನೂ ತೋಟಾದ ಮಿತಿಯನ್ನೂ ಒಂದೇ ಗಂಟು ಕಟ್ಟುವುದು ತೀರಾ ಸಾಮಾನ್ಯವಾಗಿಬಿಟ್ಟಿದೆ.

ತೋಟಾದ ಮಿತಿ ಎಲ್ಲಿದೆ? ದೂರದಲ್ಲಿ. 600 ಮೀಟರ್ ತಲುಪುವ ಹೊತ್ತಿಗೆ 7.62×51ರ ಗುಂಡಿನಲ್ಲಿ ಉಳಿದಿರುವ ಶಕ್ತಿ 5.56ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಗಡಿಯ ಬೆಟ್ಟಗಳಲ್ಲಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೊಡೆಯಬೇಕಾದಾಗ, ಎದುರಿನವನು ಕಲ್ಲು ಪೇರಿಸಿದ ಸಂಗರ್ ಎಂಬ ಅಡ್ಡಗೋಡೆಯ ಹಿಂದೆ ಕುಳಿತಾಗ, ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮುಂಚೂಣಿಯ ಕಾಲಾಳುಗಳಿಗೆ ಸಿಗ್ 716, ಉಳಿದ ಬಹುಪಾಲಿಗೆ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203 ಎಂಬ ವಿಂಗಡಣೆಯ ಹಿಂದಿನ ತರ್ಕವೂ ಇದೇ. ನನ್ನ ಅಭಿಪ್ರಾಯ ಕೇಳಿದರೆ ಆ ವಿಂಗಡಣೆ ಸರಿ, ಆದರೆ ಒಂದು ಷರತ್ತು ಇದೆ: ಸಿಗ್ ಕೈಗೆ ಬಂದವನಿಗೆ ಆ ದೂರದಲ್ಲಿ ಹೊಡೆಯುವಷ್ಟು ಅಭ್ಯಾಸದ ಗುಂಡುಗಳೂ ಒಳ್ಳೆಯ ದೂರದರ್ಶಕ ಸೈಟೂ ಸಿಗಬೇಕು. ಬರಿಗಣ್ಣಿಗೆ 500 ಮೀಟರ್ ಆಚೆಯ ಮನುಷ್ಯ ಮುಂದಿನ ಸೈಟಿನ ಹಿಂದೆ ಮರೆಯಾಗುತ್ತಾನೆ. ಅಲ್ಲಿ ತೋಟಾದಲ್ಲಿ ಶಕ್ತಿ ಉಳಿದಿದ್ದು ಏನು ಪ್ರಯೋಜನ?

ಎಕೆ-203ಕ್ಕೂ ತನ್ನದೇ ಮಿತಿ ಇದೆ. 7.62×39ರ ಗುಂಡು ನಿಧಾನ, ಹಾಗಾಗಿ ದಾರಿ ಹೆಚ್ಚು ಬಾಗುತ್ತದೆ. ನೂರು ಮೀಟರ್‌ಗೆ ಸೈಟ್ ಹೊಂದಿಸಿ 400 ಮೀಟರ್‌ಗೆ ಹೊಡೆದರೆ ಅದು 7.62×51ಕ್ಕಿಂತ ಸುಮಾರು ಎರಡು ಪಟ್ಟು ಕೆಳಗಿಳಿಯುತ್ತದೆ. ದೂರದ ಅಂದಾಜು ಐವತ್ತು ಮೀಟರ್ ತಪ್ಪಿದರೂ ಗುಂಡು ಕಾಲ ಬುಡದಲ್ಲಿ ಮಣ್ಣು ಹಾರಿಸುತ್ತದೆ. ಇನ್ಸಾಸ್‌ನಿಂದ ಎಕೆಗೆ ಬಂದ ನಿಮ್ಮ ಅಣ್ಣನಿಗೆ ಮೊದಲು ಅನುಭವಕ್ಕೆ ಬರುವುದು ಹೆಗಲಿನ ಒದೆತಕ್ಕಿಂತ ಇದೇ: ಹತ್ತಿರದಲ್ಲಿ ಎಲ್ಲ ಸರಿ, 300 ದಾಟಿದ ಮೇಲೆ ಏಟುಗಳು ಕೆಳಗೆ.

“ಗಾಯ ಮಾಡುವ ಗುಂಡು” ಎಂಬುದು ನಿಮ್ಮ ತಂದೆಯವರ ಮಾತಷ್ಟೇ ಅಲ್ಲ, ಬಹಳ ಸೇನೆಗಳಲ್ಲಿ ಓಡಾಡುವ ಮಾತು. ಒಬ್ಬ ಗಾಯಗೊಂಡರೆ ಅವನನ್ನು ಹೊರಲು ಇಬ್ಬರು ಬೇಕು, ಮೂವರು ಕಣದಿಂದ ಹೊರಗೆ ಎಂಬ ಲೆಕ್ಕ. 5.56 ಆಯ್ಕೆಯಾದದ್ದು ಆ ಲೆಕ್ಕದಿಂದಲ್ಲ. ಹೆಚ್ಚು ತೋಟಾ ಹೊರಬಹುದು, ಬೇಗ ಗುರಿಗೆ ಮರಳಬಹುದು, 300 ಮೀಟರ್ ಒಳಗೆ ದಾರಿ ನೇರ ಎಂಬ ಕಾರಣಗಳಿಂದ. ಹತ್ತಿರದಲ್ಲಿ ಆ ಚಿಕ್ಕ ಗುಂಡು ಅತಿ ವೇಗದಿಂದ ಬಂದು ದೇಹದೊಳಗೆ ಅಡ್ಡ ತಿರುಗಿ ಒಡೆಯುತ್ತದೆ, ಆ ಗಾಯ ಸಣ್ಣದಲ್ಲ. ದೂರ ಹೆಚ್ಚಿ ವೇಗ ಇಳಿದಾಗ, ಅಥವಾ ಗಿಡ್ಡ ನಳಿಗೆಯ ಕಾರ್ಬೈನ್‌ನಿಂದ ಹೊಡೆದು ಮೊದಲೇ ವೇಗ ಕಡಿಮೆ ಇದ್ದಾಗ, ಅದು ಒಡೆಯದೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಬಿದ್ದವನು ಮತ್ತೆ ಎದ್ದ ಎಂಬ ಕಥೆಗಳ ಹಿಂದೆ ಇರಬಹುದಾದ ಕಾರಣ ಅದು. ಗುಂಡು ಆಯಕಟ್ಟಿನ ಜಾಗಕ್ಕೆ ಬೀಳದೇ ಇದ್ದದ್ದು ಇನ್ನೊಂದು ಕಾರಣ, ಅದನ್ನು ಯಾರೂ ಕಥೆಯಲ್ಲಿ ಹೇಳುವುದಿಲ್ಲ.

ಗಾಳಿ ಈಗ ಮತ್ತೆ ಹಳೆಯ ಕಡೆಗೇ ಬೀಸುತ್ತಿದೆ ಎನ್ನುವವರಿದ್ದಾರೆ. ಅಮೆರಿಕದ ಸೇನೆ 2022ರಲ್ಲಿ ಆರಿಸಿಕೊಂಡ 6.8×51ರ ರೈಫಲ್ ಇದಕ್ಕೆ ಉದಾಹರಣೆ. ಎದುರಾಳಿಗಳು ಹಾಕಿಕೊಳ್ಳುವ ರಕ್ಷಾಕವಚವನ್ನು ದೂರದಿಂದ ಭೇದಿಸಬೇಕೆಂಬುದು ಅವರ ಕಾರಣ. ತೆತ್ತ ಬೆಲೆಯೂ ಕಣ್ಣಿಗೆ ಕಾಣುವಂತಿದೆ: 5.56ರಲ್ಲಿ ಸೈನಿಕ ಹೊರುತ್ತಿದ್ದದ್ದು ಏಳು ಮ್ಯಾಗಜಿನ್‌ಗೆ 210 ಗುಂಡು, ಈಗ ಅದೇ ಏಳಕ್ಕೆ 140. ಒದೆತದ ಗಣಿತ ಮಾತ್ರ ಅಲ್ಲಿಗೂ ಇದೇ.

ಇನ್ನು ಕೆಲವು ಎಸ್‌ಎಲ್‌ಆರ್ ಹೆಚ್ಚು ಒದೆಯುತ್ತಿದ್ದವು ಎಂಬ ಮಾತು. ಅದು ಭ್ರಮೆಯಲ್ಲ, ಕಾರಣ ಬಹುತೇಕ ಗ್ಯಾಸ್ ರೆಗ್ಯುಲೇಟರ್. ಎಸ್‌ಎಲ್‌ಆರ್‌ನ ನಳಿಗೆಯ ಮೇಲೆ, ಗ್ಯಾಸ್ ಬ್ಲಾಕ್‌ನ ಹಿಂದೆ, ತಿರುಗಿಸುವ ಒಂದು ಬಳೆ ಇರುತ್ತದೆ. ಅದನ್ನು ತೆರೆದಷ್ಟೂ ಹೆಚ್ಚು ಗ್ಯಾಸ್ ಹೊರಕ್ಕೆ ಸೋರಿಹೋಗುತ್ತದೆ, ಮುಚ್ಚಿದಷ್ಟೂ ಹೆಚ್ಚು ಗ್ಯಾಸ್ ಬೋಲ್ಟನ್ನು ಹಿಂದಕ್ಕೆ ತಳ್ಳುವ ಪಿಸ್ಟನ್‌ಗೆ ಸಿಗುತ್ತದೆ. ರೈಫಲ್ ಒಮ್ಮೆ ಕೊಳೆಯಿಂದ ಸಿಕ್ಕಿಕೊಂಡಾಗ ಯಾರೋ ಬಳೆಯನ್ನು ಪೂರ್ತಿ ಮುಚ್ಚಿಬಿಡುತ್ತಾರೆ, ಆಮೇಲೆ ಶುಚಿ ಮಾಡಿದರೂ ಅದು ಹಾಗೇ ಉಳಿಯುತ್ತದೆ. ಆಗ ಬೋಲ್ಟ್ ಹೊತ್ತ ಭಾಗ ಬೇಕಾದ್ದಕ್ಕಿಂತ ಜೋರಾಗಿ ಹಿಂದಕ್ಕೆ ಬಂದು ರೈಫಲ್‌ನ ಹಿಂಗೋಡೆಗೆ ಬಡಿಯುತ್ತದೆ. ಒಟ್ಟು ತಳ್ಳು ಅದೇ 11.6, ಹೆಚ್ಚಾಗಿಲ್ಲ, ಆದರೆ ಅದರ ಒಂದು ಪಾಲು ಮೆಲ್ಲಗೆ ಬರುವ ಬದಲು ಎರಡನೆಯ ಚುರುಕು ಏಟಾಗಿ ಹೆಗಲಿಗೆ ತಾಗುತ್ತದೆ. ಗುರುತು ಸುಲಭ: ಖಾಲಿ ಕೋಶಗಳು ದೂರಕ್ಕೆ ಹಾರಿ ಬೀಳುತ್ತವೆ, ಅವುಗಳ ಅಂಚು ಜಜ್ಜಿರುತ್ತದೆ. ತದ್ವಿರುದ್ಧವಾಗಿ ಗ್ಯಾಸ್ ಸಾಲದಿದ್ದರೆ ಕೋಶ ಪಕ್ಕದಲ್ಲೇ ತೊಪ್ಪನೆ ಬೀಳುತ್ತದೆ ಅಥವಾ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಸರಿ ಹೊಂದಿಸುವ ಕ್ರಮವೆಂದರೆ, ಬಳೆಯನ್ನು ತೆರೆದ ಕಡೆಯಿಂದ ಶುರುಮಾಡಿ ಒಂದೊಂದೇ ಹಲ್ಲು ಮುಚ್ಚುತ್ತಾ ಹೊಡೆದು ನೋಡುವುದು. ಕೋಶ ಸರಿಯಾಗಿ ಹೊರಬಿದ್ದು ಮುಂದಿನ ತೋಟಾ ತಾನಾಗಿ ತುಂಬಿಕೊಳ್ಳುವ ಹಂತ ಸಿಕ್ಕಿದ ಮೇಲೆ, ಕೊಳೆ ಮತ್ತು ಚಳಿಗೆ ಮೀಸಲಾಗಿ ಇನ್ನೆರಡು ಹಲ್ಲು ಮುಚ್ಚಿ ನಿಲ್ಲಿಸುವುದು. ಅಳತೆ ಪ್ರತಿ ರೈಫಲ್‌ಗೂ ಬೇರೆ ಬರುತ್ತದೆ. ಪಕ್ಕದವನ ರೈಫಲ್ ನೋಡಿ ಅದೇ ಸಂಖ್ಯೆಗೆ ತಿರುಗಿಸಿದರೆ ಒಂದು ಒದೆಯುತ್ತದೆ, ಇನ್ನೊಂದು ಸಿಕ್ಕಿಕೊಳ್ಳುತ್ತದೆ.

ರೆಗ್ಯುಲೇಟರ್ ಸರಿಯಿದ್ದೂ ಏಟುಗಳು ಕೆಳಗೆ ಬೀಳುತ್ತಿದ್ದರೆ ನೋಡಬೇಕಾದದ್ದು ಹೊಡೆಯುವವನನ್ನು. ಉಸ್ತಾದರು ಮಾಡುವ ಪರೀಕ್ಷೆ ಹಳೆಯದು: ಅವನಿಗೆ ತಿಳಿಯದಂತೆ ಮ್ಯಾಗಜಿನ್‌ನಲ್ಲಿ ಅಲ್ಲೊಂದು ಇಲ್ಲೊಂದು ಡಮ್ಮಿ ತೋಟಾ ಸೇರಿಸುತ್ತಾರೆ. ಡಮ್ಮಿಯ ಮೇಲೆ ಟ್ರಿಗರ್ ಒತ್ತಿದಾಗ ನಳಿಗೆ ಅಲುಗದೆ ನಿಂತರೆ ಸರಿ. ಒದೆತ ಬರುವ ಮೊದಲೇ ಬಾಯಿ ಕೆಳಕ್ಕೆ ಜಗ್ಗಿದರೆ ಅವನು ಹೆಗಲನ್ನು ಮುಂಚಿತವಾಗಿ ಮುಂದಕ್ಕೆ ನೂಕುತ್ತಿದ್ದಾನೆ ಎಂದೇ ಅರ್ಥ. 7.62×51ರಲ್ಲಿ ಇದು ಹೊಸಬರಿಗೆ ಬೇಗ ಅಂಟಿಕೊಳ್ಳುತ್ತದೆ, 5.56ರಲ್ಲಿ ಅಪರೂಪ. ಒಮ್ಮೆ ಅಂಟಿದರೆ ಬಿಡಿಸಲು ಹಗುರ ತೋಟಾದ ರೈಫಲ್‌ಗೆ, ಸಾಧ್ಯವಾದರೆ .22ಕ್ಕೆ, ಇಳಿಸಿ ಮತ್ತೆ ಮೇಲಕ್ಕೆ ತರಬೇಕಾಗುತ್ತದೆ.